ಅವಲಂಬಿತ ಆಕರವುಳ್ಳ ಟ್ರಾನ್ಸಿಸ್ಟರ್ ಮಂಡಲದ ಸಂಕ್ಷೇಪಣ

ಎಷ್ಟೇ ಜಟಿಲವಾದ ರೇಖೀಯ ವಿದ್ಯುತ್ ಮಂಡಲವಾದರೂ, ಅದರ ಎರಡು ತುದಿಗಳಿಂದ ನೋಡಿದಾಗ, ಒಂದು ವೋಲ್ಟೇಜ್ ಆಕರ ಮತ್ತು ಅದರೊಡನೆ ಸರಣಿಯಲ್ಲಿರುವ ಒಂದು ರೋಧಕಕ್ಕೆ ಸಮನಾಗಿ ವರ್ತಿಸುತ್ತದೆ. ಫ್ರಾನ್ಸಿನ ತಂತಿ ಇಲಾಖೆಯ ಎಂಜಿನಿಯರ್ ತೆವಿನಿನ್ 1883ರಲ್ಲಿ ಪ್ರಕಟಿಸಿದ ಪ್ರಮೇಯವಿದು. ಸಮಾನ ರೋಧವನ್ನು ಕಂಡುಹಿಡಿಯಲು ಆಕರಗಳನ್ನೆಲ್ಲ ಶೂನ್ಯಗೊಳಿಸಿ, ಉಳಿದ ರೋಧಕಗಳನ್ನು ಕೂಡಿಸಬೇಕೆಂದು ವಿದ್ಯಾರ್ಥಿಗಳು ಕಲಿತಿರುತ್ತಾರೆ. ಬ್ಯಾಟರಿ ಮತ್ತು ರೋಧಕಗಳು ಮಾತ್ರ ಇರುವ ಮಂಡಲದಲ್ಲಿ ಈ ಕ್ರಮ ಸರಿ. ಟ್ರಾನ್ಸಿಸ್ಟರ್ ಮಂಡಲದಲ್ಲಿ ಇದೇ ಕ್ರಮವನ್ನು ಅನುಸರಿಸಿದರೆ ಉತ್ತರ ತಪ್ಪುತ್ತದೆ. ಏಕೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

ಔಟ್‌ಪುಟ್ಟನ್ನು ಎಮಿಟರ್‌ನಿಂದ ಪಡೆಯುವ ಮಂಡಲವೊಂದನ್ನು ತೆಗೆದುಕೊಳ್ಳಿ. 100 ಮಿಲಿವೋಲ್ಟ್‌ನ ಸಂಕೇತವು 10 ಕಿಲೋ ಓಮ್ ರೋಧಕದ ಮೂಲಕ ಬೇಸ್ ಅನ್ನು ತಲಪುತ್ತದೆ. ಎಮಿಟರ್ ಮತ್ತು ಭೂಮಿಯ ನಡುವೆ 1 ಕಿಲೋ ಓಮ್ ರೋಧಕವಿದೆ. ಕಲೆಕ್ಟರ್‌ಗೆ ಜೋಡಿಸಿದ ಸರಬರಾಜಿನ ವೋಲ್ಟೇಜ್ ಬದಲಾಗದುದರಿಂದ, ಸಂಕೇತದ ಮಟ್ಟಿಗೆ ಕಲೆಕ್ಟರ್ ಭೂಮಿಗೇ ಜೋಡಣೆಯಾದಂತೆ. ಟ್ರಾನ್ಸಿಸ್ಟರನ್ನು ಎರಡು ಭಾಗಗಳಾಗಿ ಬರೆಯಬಹುದು: ಬೇಸ್ ಮತ್ತು ಎಮಿಟರ್ ನಡುವೆ 1 ಕಿಲೋ ಓಮ್ ರೋಧ; ಕಲೆಕ್ಟರ್‌ನಿಂದ ಎಮಿಟರ್‌ಗೆ, ಬೇಸ್ ಪ್ರವಾಹದ 99 ಪಟ್ಟು ಪ್ರವಾಹವನ್ನು ಹರಿಸುವ ಆಕರ. ಈ ಎರಡನೆಯದೇ ಅವಲಂಬಿತ ಆಕರ. ಅದರ ಬೆಲೆಯನ್ನು ನಿರ್ಧರಿಸುವುದು ಮಂಡಲದ ಇನ್ನೊಂದೆಡೆಯ ಪ್ರವಾಹ. ಎಮಿಟರ್ ಮತ್ತು ಭೂಮಿ ನಮ್ಮ ಎರಡು ತುದಿಗಳು.

ಮೊದಲು, ತುದಿಗಳು ತೆರೆದಿರುವಾಗಿನ ವೋಲ್ಟೇಜ್. ಬೇಸ್ ಪ್ರವಾಹ ಒಂದು ಪಾಲಾದರೆ, ಎಮಿಟರ್ ರೋಧಕದಲ್ಲಿ ಹರಿಯುವುದು ನೂರು ಪಾಲು. ಆದುದರಿಂದ ಬೇಸ್ ಕಡೆಯಿಂದ ಆ 1 ಕಿಲೋ ಓಮ್, 100 ಕಿಲೋ ಓಮ್‌ನಂತೆ ಕಾಣುತ್ತದೆ. ಒಟ್ಟು ರೋಧ 10 + 1 + 100 = 111 ಕಿಲೋ ಓಮ್. ಬೇಸ್ ಪ್ರವಾಹ ಸುಮಾರು 0.9 ಮೈಕ್ರೋ ಆಂಪಿಯರ್, ಎಮಿಟರ್ ಪ್ರವಾಹ 90 ಮೈಕ್ರೋ ಆಂಪಿಯರ್, ತುದಿಗಳ ವೋಲ್ಟೇಜ್ 90 ಮಿಲಿವೋಲ್ಟ್. ಇದೇ ಸಮಾನ ಆಕರ.

ಇನ್ನು ಸಮಾನ ರೋಧ. ಸ್ವತಂತ್ರ ಆಕರವಾದ ಸಂಕೇತವನ್ನು ಮಾತ್ರ ಶೂನ್ಯಗೊಳಿಸಿ, ಅಂದರೆ ಅದರ ಸ್ಥಾನದಲ್ಲಿ ತಂತಿಯನ್ನಿಡಿ. ಅವಲಂಬಿತ ಆಕರವನ್ನು ಹಾಗೆಯೇ ಬಿಡಿ. ಈಗ ಎಮಿಟರ್‌ಗೆ ಹೊರಗಿನಿಂದ 100 ಮಿಲಿವೋಲ್ಟ್ ಕೊಟ್ಟು, ಒಳಹೋಗುವ ಪ್ರವಾಹವನ್ನು ಲೆಕ್ಕ ಮಾಡಿ. ಎಮಿಟರ್ ರೋಧಕದಲ್ಲಿ 100 ಮೈಕ್ರೋ ಆಂಪಿಯರ್ ಹರಿಯುತ್ತದೆ. ಬೇಸ್ ಮಾರ್ಗದ 11 ಕಿಲೋ ಓಮ್‌ನಲ್ಲಿ ಸುಮಾರು 9 ಮೈಕ್ರೋ ಆಂಪಿಯರ್ ಹಿಂದುಮುಂದಾಗಿ ಹರಿಯುತ್ತದೆ. ಬೇಸ್ ಪ್ರವಾಹದ ದಿಕ್ಕು ತಿರುಗಿದುದರಿಂದ ಅವಲಂಬಿತ ಆಕರದ ದಿಕ್ಕೂ ತಿರುಗಿ, ಅದು ಎಮಿಟರ್‌ನಿಂದ 900 ಮೈಕ್ರೋ ಆಂಪಿಯರ್ ಸೆಳೆಯುತ್ತದೆ. ಒಟ್ಟು 1009 ಮೈಕ್ರೋ ಆಂಪಿಯರ್. 100 ಮಿಲಿವೋಲ್ಟನ್ನು ಇದರಿಂದ ಭಾಗಿಸಿದರೆ ಸಮಾನ ರೋಧ ಸುಮಾರು 99 ಓಮ್.

ಅವಲಂಬಿತ ಆಕರವನ್ನೂ ತೆಗೆದುಹಾಕಿದ್ದರೆ 1 ಕಿಲೋ ಓಮ್ ಮತ್ತು 11 ಕಿಲೋ ಓಮ್ ಸಮಾಂತರವಾಗಿ ಉಳಿದು, 917 ಓಮ್ ಬರುತ್ತಿತ್ತು. ಒಳಹೋಗುವ ಪ್ರವಾಹದ ಬಹುಪಾಲನ್ನು ಸೆಳೆಯುವ ಭಾಗವನ್ನೇ ಬಿಟ್ಟಂತಾಗುತ್ತಿತ್ತು. ಸಂಕೇತ ಶೂನ್ಯವಾದರೂ ಬೇಸ್ ಪ್ರವಾಹ ಶೂನ್ಯವಾಗಲಿಲ್ಲ. ಆದುದರಿಂದ ಅದನ್ನು ಅನುಸರಿಸುವ ಆಕರವೂ ಶೂನ್ಯವಾಗದು.

ಯಾವ ಉತ್ತರ ಸರಿಯೆಂಬುದನ್ನು ತುದಿಗಳಿಗೆ 100 ಓಮ್ ಹೊರೆಯನ್ನು ಜೋಡಿಸಿ ಪರೀಕ್ಷಿಸಬಹುದು. 99 ಓಮ್ ಎಂದಾದರೆ ಹೊರೆಯ ಮೇಲೆ 45 ಮಿಲಿವೋಲ್ಟ್, 917 ಓಮ್ ಎಂದಾದರೆ ಸುಮಾರು 9 ಮಿಲಿವೋಲ್ಟ್ ಸಿಗಬೇಕು. ಮೂಲ ಮಂಡಲದಲ್ಲೇ ಲೆಕ್ಕ ಮಾಡೋಣ. ಹೊರೆಯೂ ಎಮಿಟರ್ ರೋಧಕವೂ ಸಮಾಂತರವಾಗಿ ಸೇರಿ 91 ಓಮ್. ಬೇಸ್ ಕಡೆಯಿಂದ ಅದು 9.1 ಕಿಲೋ ಓಮ್. 100 ಮಿಲಿವೋಲ್ಟ್ ಒಟ್ಟು 20.1 ಕಿಲೋ ಓಮ್‌ನಲ್ಲಿ ಹಂಚಿಹೋಗಿ, ಹೊರೆಯ ಮೇಲೆ 45 ಮಿಲಿವೋಲ್ಟ್ ಉಳಿಯುತ್ತದೆ. ಆದುದರಿಂದ 99 ಓಮ್ ಸರಿ.

ಪ್ರಯೋಗಶಾಲೆಯಲ್ಲಿ ತುದಿಗಳನ್ನು ನೇರವಾಗಿ ತಂತಿಯಿಂದ ಜೋಡಿಸಿ ಪ್ರವಾಹವನ್ನು ಅಳೆಯಬಾರದು. ಟ್ರಾನ್ಸಿಸ್ಟರಿನ ನೇರ ಪ್ರವಾಹವೇ ಬದಲಾಗಿ, 99 ಪಟ್ಟು, 1 ಕಿಲೋ ಓಮ್ ಎಂಬ ಬೆಲೆಗಳು ಅನ್ವಯಿಸವು. ಅದರ ಬದಲು 1 ಕಿಲೋಹರ್ಟ್ಸ್ ಸಂಕೇತವನ್ನು ಕೊಟ್ಟು, 100 ಮೈಕ್ರೋಫ್ಯಾರಡ್ ಧಾರಕದ ಮೂಲಕ ಹೊರೆಯನ್ನು ಜೋಡಿಸಿ, ಔಟ್‌ಪುಟ್ ಅರ್ಧಕ್ಕೆ ಇಳಿಯುವವರೆಗೆ ಹೊರೆಯನ್ನು ಬದಲಿಸಬೇಕು. ಆಗಿನ ಹೊರೆಯೇ ಸಮಾನ ರೋಧ. ಸಂಕೇತ ಚಿಕ್ಕದಾಗಿರಲಿ. ನೇರ ಪ್ರವಾಹ 2.5 ಮಿಲಿ ಆಂಪಿಯರ್ ಇದ್ದರೆ, 100 ಓಮ್ ಹೊರೆಯ ಮೇಲೆ ಸುಮಾರು 230 ಮಿಲಿವೋಲ್ಟ್ ದಾಟುವಾಗ ಟ್ರಾನ್ಸಿಸ್ಟರ್ ಕೆಳಗಿನ ಅರ್ಧ ಅಲೆಯಲ್ಲಿ ಪ್ರವಾಹವನ್ನು ನಿಲ್ಲಿಸುತ್ತದೆ. ಆಸಿಲೋಸ್ಕೋಪಿನಲ್ಲಿ ಅಲೆಯ ಕೆಳತುದಿ ಚಪ್ಪಟೆಯಾಗಿ ಕಂಡರೆ, ಆ ಅಳತೆಯನ್ನು ಬಿಟ್ಟು ಸಂಕೇತವನ್ನು ತಗ್ಗಿಸಬೇಕು.