ಒಬ್ಬರ ಅಂಕ, ಹಲವರ ಅಭಿಪ್ರಾಯ: 360 ಡಿಗ್ರಿ ಮೌಲ್ಯಮಾಪನ

ನೌಕರನ ಕೆಲಸವನ್ನು ಅಳೆಯುವ ಹಳೆಯ ಪದ್ಧತಿಯಲ್ಲಿ ಅಂಕ ಕೊಡುವವರು ಮೇಲಧಿಕಾರಿ ಮಾತ್ರ. ವರ್ಷದ ಕೊನೆಯಲ್ಲಿ ಅವರು ನಮೂನೆ ತುಂಬುತ್ತಾರೆ, ಅವರ ಮೇಲಿನವರು ಅದನ್ನು ಪರಿಶೀಲಿಸುತ್ತಾರೆ. ಬಡ್ತಿ, ಸಂಬಳ, ವರ್ಗಾವಣೆಯ ತೀರ್ಮಾನಗಳು ಅದರ ಮೇಲೆ ನಿಲ್ಲುತ್ತವೆ. ಬಹುಮೂಲ ಮೌಲ್ಯಮಾಪನದಲ್ಲಿ ಮೇಲಧಿಕಾರಿಯ ಜೊತೆಗೆ ಸಹೋದ್ಯೋಗಿಗಳು, ಕೈಕೆಳಗಿನ ಸಿಬ್ಬಂದಿ, ಕೆಲವೊಮ್ಮೆ ಗ್ರಾಹಕರು ಮತ್ತು ಸ್ವತಃ ನೌಕರ ಕೂಡ ಅಭಿಪ್ರಾಯ ಕೊಡುತ್ತಾರೆ. ಸುತ್ತಲಿನ ಎಲ್ಲ ದಿಕ್ಕುಗಳಿಂದ ಬರುವುದರಿಂದ ಇದಕ್ಕೆ 360 ಡಿಗ್ರಿ ಎಂಬ ಹೆಸರು ನಿಂತಿದೆ.

ಹಳೆಯ ಪದ್ಧತಿಯ ದೋಷಗಳನ್ನು ಮಾನವ ಸಂಪನ್ಮೂಲದ ಪಠ್ಯಪುಸ್ತಕಗಳು ಬೇರೆಬೇರೆಯಾಗಿ ಗುರುತಿಸುತ್ತವೆ. ಒಂದು ಒಳ್ಳೆಯ ಗುಣ ಕಂಡ ಕೂಡಲೇ ಉಳಿದ ಎಲ್ಲದರಲ್ಲೂ ಹೆಚ್ಚು ಅಂಕ ಕೊಡುವುದು ಹೇಲೋ ಪರಿಣಾಮ. ಎಲ್ಲರನ್ನೂ ನಡುವಿನ ಅಂಕದಲ್ಲಿ ಕೂರಿಸುವುದು ಕೇಂದ್ರ ಪ್ರವೃತ್ತಿ. ಹಿಂದಿನ ಹತ್ತು ತಿಂಗಳನ್ನು ಮರೆತು ಕೊನೆಯ ಎರಡು ತಿಂಗಳನ್ನಷ್ಟೇ ನೋಡುವುದು ಇತ್ತೀಚಿನತೆಯ ದೋಷ. ಮೌಲ್ಯಮಾಪಕ ಒಬ್ಬನೇ ಆದಾಗ ಈ ದೋಷಗಳನ್ನು ಸರಿದೂಗಿಸಲು ಇನ್ನೊಂದು ಅಭಿಪ್ರಾಯ ಇರುವುದಿಲ್ಲ.

ಭಾರತದ ಸರ್ಕಾರಿ ಸೇವೆಯಲ್ಲಿ ಈ ಪದ್ಧತಿಗೆ ಇನ್ನೊಂದು ತೊಡಕೂ ಇತ್ತು: ವರದಿ ಗೌಪ್ಯವಾಗಿರುತ್ತಿತ್ತು. ಗಡಿ ರಸ್ತೆ ಎಂಜಿನಿಯರಿಂಗ್ ಸೇವೆಯ ದೇವ್ ದತ್ ಅವರಿಗೆ ಒಂದು ವರ್ಷದ ವರದಿಯಲ್ಲಿ ‘ಉತ್ತಮ’ ಎಂಬ ಷರಾ ಬಿದ್ದಿತ್ತು. ಕೇಳಲು ಹಿತವಾದ ಪದವೇ. ಆದರೆ ಬಡ್ತಿಗೆ ‘ಅತ್ಯುತ್ತಮ’ ಬೇಕಿತ್ತು. ಷರಾವನ್ನು ಅವರಿಗೆ ತಿಳಿಸಿರಲಿಲ್ಲವಾದ್ದರಿಂದ ಆಕ್ಷೇಪಿಸುವ ಅವಕಾಶವೂ ಸಿಗಲಿಲ್ಲ. 2008ರಲ್ಲಿ ಸುಪ್ರೀಂ ಕೋರ್ಟ್, ಒಳ್ಳೆಯದಿರಲಿ ಕೆಟ್ಟದಿರಲಿ, ವರದಿಯ ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಬೇಕು ಎಂದು ಹೇಳಿತು. 2009ರಲ್ಲಿ ಕೇಂದ್ರ ಸರ್ಕಾರ ಇಡೀ ವರದಿಯನ್ನು ನೌಕರನಿಗೆ ಕೊಡುವ ಆದೇಶ ಹೊರಡಿಸಿತು.

ಬಹುಮೂಲ ಪದ್ಧತಿ ನಡೆಯುವ ಕ್ರಮ ಹೀಗಿರುತ್ತದೆ. ಮೊದಲು ಹುದ್ದೆಗೆ ಬೇಕಾದ ನಡವಳಿಕೆಗಳನ್ನು ಪಟ್ಟಿ ಮಾಡಲಾಗುತ್ತದೆ: ಕೆಲಸ ಹಂಚುವುದು, ಕೇಳಿಸಿಕೊಳ್ಳುವುದು, ಹೇಳಿದ ಸಮಯಕ್ಕೆ ಮುಗಿಸುವುದು. ನಂತರ ನೌಕರನೊಡನೆ ನಿಜವಾಗಿ ಕೆಲಸ ಮಾಡಿದವರನ್ನು ಆರಿಸಿ, ಹೆಸರಿಲ್ಲದ ಪ್ರಶ್ನಾವಳಿ ಕಳಿಸಲಾಗುತ್ತದೆ. ಮೇಲಧಿಕಾರಿ ಒಬ್ಬರೇ ಇರುವುದರಿಂದ ಅವರ ಅಂಕ ಗುಟ್ಟಾಗಿ ಉಳಿಯುವುದಿಲ್ಲ. ಸಹೋದ್ಯೋಗಿಗಳ ಮತ್ತು ಅಧೀನ ಸಿಬ್ಬಂದಿಯ ಅಂಕಗಳನ್ನು ಮಾತ್ರ ಗುಂಪಾಗಿ ತೋರಿಸುತ್ತಾರೆ. ಗುಂಪಿನಲ್ಲಿ ಸಾಮಾನ್ಯವಾಗಿ ಕನಿಷ್ಠ ಮೂವರಾದರೂ ಇರಬೇಕು, ಇಲ್ಲದಿದ್ದರೆ ಯಾರು ಏನು ಹೇಳಿದರೆಂದು ಊಹಿಸುವುದು ಸುಲಭ. ಕೊನೆಯಲ್ಲಿ ತರಬೇತಿ ಪಡೆದವರೊಬ್ಬರು ನೌಕರನೊಡನೆ ಕೂತು ವರದಿಯನ್ನು ಓದಿ ವಿವರಿಸುತ್ತಾರೆ.

ಒಂದು ಕಾಲ್ಪನಿಕ ವರದಿಯನ್ನು ತೆಗೆದುಕೊಳ್ಳಬಹುದು. ವಿಭಾಗದ ಮುಖ್ಯಸ್ಥರೊಬ್ಬರಿಗೆ ‘ಕೆಲಸ ಹಂಚುವುದು’ ಎಂಬ ಅಂಶದಲ್ಲಿ ಐದಕ್ಕೆ ಅಂಕ ಕೊಡಲಾಗಿದೆ. ಮೇಲಧಿಕಾರಿ 4 ಕೊಟ್ಟಿದ್ದಾರೆ. ನಾಲ್ವರು ಸಹೋದ್ಯೋಗಿಗಳ ಸರಾಸರಿ 3.5. ಐವರು ಅಧೀನ ಸಿಬ್ಬಂದಿಯ ಸರಾಸರಿ 2.2. ಅವರೇ ತಮಗೆ ಕೊಟ್ಟುಕೊಂಡದ್ದು 4.5. ಹತ್ತು ಜನರ ಅಂಕಗಳನ್ನು ಕೂಡಿ ಭಾಗಿಸಿದರೆ 2.9 ಬರುತ್ತದೆ, ಮೂರು ಗುಂಪುಗಳಿಗೆ ಸಮಾನ ತೂಕ ಕೊಟ್ಟರೆ ಸುಮಾರು 3.2. ಲೆಕ್ಕದ ಕ್ರಮ ಬದಲಾದರೆ ಅಂಕವೂ ಬದಲಾಗುತ್ತದೆ. ಆದರೆ ವರದಿಯ ಸಾರ ಈ ಸರಾಸರಿಗಳಲ್ಲಿಲ್ಲ. ಮೇಲಿನಿಂದ ಚೆನ್ನಾಗಿ ಕಾಣುವ ಕೆಲಸ ಹಂಚಿಕೆ ಕೆಳಗಿನವರಿಗೆ ಹಾಗೆ ಕಂಡಿಲ್ಲ ಎಂಬ ಅಂತರದಲ್ಲಿದೆ. ಒಬ್ಬರೇ ಬರೆದ ವರದಿಯಲ್ಲಿ ಇದು ಎಂದೂ ಹೊರಬೀಳುತ್ತಿರಲಿಲ್ಲ. ಹೊಸ ಪದ್ಧತಿಯ ಮುಖ್ಯ ಲಾಭ ಇದೇ.

ಅದರ ಮಿತಿಯೂ ಇದೇ ಅಂಕಗಳಲ್ಲಿದೆ. ಐವರಲ್ಲಿ ಮೂವರು ತಲಾ 3, ಇಬ್ಬರು ತಲಾ 1 ಕೊಟ್ಟಿದ್ದಾರೆ ಎಂದಿಟ್ಟುಕೊಂಡರೆ 2.2 ಎಂಬ ಸರಾಸರಿ ಯಾರೊಬ್ಬರ ಅಭಿಪ್ರಾಯವೂ ಅಲ್ಲ. ಆ ಇಬ್ಬರಿಗೆ ಇತ್ತೀಚೆಗೆ ಶಿಸ್ತಿನ ನೋಟಿಸ್ ಹೋಗಿರಬಹುದು, ಅಥವಾ ಅವರಿಗೆ ನಿಜಕ್ಕೂ ಹೆಚ್ಚಿನ ಹೊರೆ ಬಿದ್ದಿರಬಹುದು. ಇವೆರಡನ್ನು ಬೇರ್ಪಡಿಸಲು ಉಳಿದ ಅಂಶಗಳನ್ನು ನೋಡಬೇಕಾಗುತ್ತದೆ. ಸಮಯಪಾಲನೆಯಂಥ ಸಂಬಂಧವಿಲ್ಲದ ಅಂಶಕ್ಕೂ ಒಂದೇ ಸಮನೆ 1 ಬಂದಿದ್ದರೆ ಅಲ್ಲಿ ಮುನಿಸು ಮಾತಾಡಿರುವ ಸಂಭವ ಹೆಚ್ಚು. ಕೆಲಸ ಹಂಚಿಕೆಯಲ್ಲಿ ಮಾತ್ರ 1 ಬಂದು, ಜೊತೆಗೆ ನಿರ್ದಿಷ್ಟ ಘಟನೆಗಳನ್ನು ಬರೆದಿದ್ದರೆ ಅದು ಗಮನಿಸಬೇಕಾದ ದೂರು. ಹೀಗೆ ಬಿಡಿಸಿ ನೋಡಲು ಸಮಯ ಬೇಕು, ಸಾಕಷ್ಟು ಜನ ಅಂಕ ಕೊಟ್ಟಿರಬೇಕು, ಓದುವವರಿಗೆ ತರಬೇತಿಯೂ ಇರಬೇಕು.

ಎಂಬಿಎ, ಬಿ.ಕಾಂ. ಮತ್ತು ಯುಜಿಸಿ-ನೆಟ್‌ನಂಥ ಪರೀಕ್ಷೆಗಳಿಗೆ ಓದುವವರು ಈ ವಿಷಯವನ್ನು ಎರಡು ಪಟ್ಟಿಗಳಾಗಿ ಕಲಿಯುತ್ತಾರೆ. ಅನುಕೂಲಗಳ ಸಾಲಿನಲ್ಲಿ ಸಮಗ್ರ ಚಿತ್ರ, ಒಬ್ಬರ ಪಕ್ಷಪಾತ ತಗ್ಗುವುದು, ತಂಡದ ಕೆಲಸಕ್ಕೆ ಒತ್ತು ಮತ್ತು ನೌಕರನ ಆತ್ಮಾವಲೋಕನ ಬರುತ್ತವೆ. ಮಿತಿಗಳ ಸಾಲಿನಲ್ಲಿ ಸಮಯ ಮತ್ತು ಖರ್ಚು, ಒಂದಕ್ಕೊಂದು ವಿರುದ್ಧವಾದ ಅಭಿಪ್ರಾಯಗಳು, ಪರಸ್ಪರ ಒಳ್ಳೆಯ ಅಂಕ ಕೊಟ್ಟುಕೊಳ್ಳುವ ಒಳಒಪ್ಪಂದ, ತರಬೇತಿಯ ಅಗತ್ಯ ಇರುತ್ತವೆ. ಪಟ್ಟಿ ಸರಿಯಾದದ್ದೇ. ಆದರೆ ಎರಡು ಕಡೆ ಎಡವುವುದು ಸುಲಭ.

ಮೊದಲನೆಯದು, ಈ ಪದ್ಧತಿ ಪಕ್ಷಪಾತವನ್ನು ‘ನಿವಾರಿಸುತ್ತದೆ’ ಎಂಬ ಹೇಳಿಕೆ. ಬಹು ಆಯ್ಕೆಯ ಪ್ರಶ್ನೆಗಳಲ್ಲಿ ಇಂಥ ಪೂರ್ಣಪದಗಳನ್ನು ಅನುಮಾನದಿಂದಲೇ ನೋಡಬೇಕು. ಒಬ್ಬರ ಒಲವು ಹಲವರ ನಡುವೆ ತೆಳುವಾಗುತ್ತದೆ, ಇಲ್ಲವಾಗುವುದಿಲ್ಲ. ಇಡೀ ಗುಂಪಿಗೇ ಒಂದೇ ಒಲವಿದ್ದರೆ ಅದು ತೆಳುವಾಗುವುದೂ ಇಲ್ಲ. ಎರಡನೆಯದು, ಅಭಿಪ್ರಾಯಗಳು ಒಂದಕ್ಕೊಂದು ತಾಳೆಯಾಗದಿದ್ದರೆ ಅದನ್ನು ಬರೀ ದೋಷವೆಂದು ಬರೆಯುವುದು. ಮೇಲಧಿಕಾರಿ ಫಲಿತಾಂಶವನ್ನು ನೋಡುತ್ತಾರೆ, ಅಧೀನರು ಅದು ಬಂದ ದಾರಿಯನ್ನು. ಅವರ ಅಂಕಗಳು ಬೇರೆಯಾಗುವುದು ಸಹಜ. ಎಲ್ಲರೂ ಒಂದೇ ಅಂಕ ಕೊಡುವುದಾಗಿದ್ದರೆ ಹಲವರನ್ನು ಕೇಳುವ ಅಗತ್ಯವೇ ಇರುತ್ತಿರಲಿಲ್ಲ. ದೀರ್ಘ ಉತ್ತರದಲ್ಲಿ ಈ ಕಾರಣವನ್ನು ವಿವರಿಸಿದರೆ ಪಟ್ಟಿಯ ಎರಡು ಸಾಲುಗಳು ಒಂದೇ ಮೂಲದಿಂದ ಬಂದಿರುವುದು ಸ್ಪಷ್ಟವಾಗುತ್ತದೆ.

ಯಾವ ಉದ್ದೇಶಕ್ಕೆ ಬಳಸಬೇಕು ಎಂಬ ಪ್ರಶ್ನೆಗೆ ಪಠ್ಯಗಳ ಸಾಮಾನ್ಯ ಉತ್ತರ ‘ಅಭಿವೃದ್ಧಿಗೆ’ ಎಂಬುದು. ಅಂಕ ಬಡ್ತಿಗಾಗಿ ಎಂದು ಗೊತ್ತಾದ ಕ್ಷಣವೇ ಸ್ನೇಹಿತರು ಅಂಕ ಏರಿಸುತ್ತಾರೆ, ಪೈಪೋಟಿಯಲ್ಲಿರುವವರು ಇಳಿಸುತ್ತಾರೆ. ಕೇಂದ್ರ ಸರ್ಕಾರ ಜಂಟಿ ಕಾರ್ಯದರ್ಶಿ ಮತ್ತು ಮೇಲಿನ ಹುದ್ದೆಗಳಿಗೆ ಅಧಿಕಾರಿಗಳ ಅರ್ಹತಾ ಪಟ್ಟಿ ಸಿದ್ಧಪಡಿಸುವಾಗ ಬಹುಮೂಲ ಅಭಿಪ್ರಾಯವನ್ನು ಬಳಸತೊಡಗಿದ್ದು ಇದಕ್ಕೆ ನೇರ ಉದಾಹರಣೆ. ಸಿಬ್ಬಂದಿ ವ್ಯವಹಾರಗಳನ್ನು ನೋಡುವ ಸಂಸದೀಯ ಸ್ಥಾಯಿ ಸಮಿತಿ 2017ರ ವರದಿಯಲ್ಲಿ ಈ ಪ್ರಕ್ರಿಯೆ ಪಾರದರ್ಶಕವಲ್ಲ, ವ್ಯಕ್ತಿನಿಷ್ಠ ಎಂದು ಟೀಕಿಸಿತು. ಅಭಿಪ್ರಾಯಗಳನ್ನು ಅನೌಪಚಾರಿಕವಾಗಿ ಪಡೆಯುವುದರಿಂದ ತಿರುಚಲು ಅವಕಾಶವಿದೆ ಎಂದಿತು. ಅಧೀನರನ್ನು ಶಿಸ್ತಿಗೆ ಒಳಪಡಿಸಿದ ಅಥವಾ ನ್ಯಾಯವಲ್ಲದ ಬೇಡಿಕೆಗೆ ಒಪ್ಪದ ಅಧಿಕಾರಿಯ ವಿರುದ್ಧ ಅಭಿಪ್ರಾಯ ವಾಲಬಹುದು ಎಂದೂ ಎಚ್ಚರಿಸಿತು. ಗೌಪ್ಯ ವರದಿಯಿಂದ ದೇವ್ ದತ್ ಅವರಿಗಾದ ತೊಂದರೆ ಇಲ್ಲಿ ಬೇರೆ ರೂಪದಲ್ಲಿ ಮರಳಿತ್ತು: ಯಾರು ಏನು ಹೇಳಿದರೆಂದು ತಿಳಿಯದ ಅಧಿಕಾರಿ ಉತ್ತರ ಕೊಡಲಾರ.

ಎರಡೂ ಪದ್ಧತಿಗಳು ಪರಸ್ಪರ ಬದಲಿಗಳಲ್ಲ ಎಂಬುದು ಈ ಹೋಲಿಕೆಯಿಂದ ಹೊರಡುವ ತೀರ್ಮಾನ. ಬಡ್ತಿ ಮತ್ತು ಸಂಬಳದ ತೀರ್ಮಾನಕ್ಕೆ ಸಹಿ ಹಾಕಿ ಹೊಣೆ ಹೊರುವವರು, ಆಕ್ಷೇಪಣೆಗೆ ಉತ್ತರಿಸುವವರು ಬೇಕು. ಅದು ಮೇಲಧಿಕಾರಿಯ ಲಿಖಿತ ವರದಿಯಿಂದ ಸಿಗುತ್ತದೆ. ನೌಕರ ತನ್ನ ನಡವಳಿಕೆಯನ್ನು ತಿದ್ದಿಕೊಳ್ಳಲು ಸುತ್ತಲಿನವರ ಅನುಭವ ಬೇಕು. ಅದು ಹೆಸರು ಗುಟ್ಟಾಗಿರುವ, ಅಂಕ ಬಡ್ತಿಯ ಕಡತಕ್ಕೆ ಹೋಗದ ಬಹುಮೂಲ ವರದಿಯಿಂದ ಸಿಗುತ್ತದೆ.