ಶೇಕಡಾ 12.01 ಮತ್ತು ಅದರ ಮೇಲಿನ ಸಾಲು

ಕೇರಳ ರಾಜ್ಯ ಯೋಜನಾ ಮಂಡಳಿಯು ಪ್ರತಿವರ್ಷ ಸಿದ್ಧಪಡಿಸುವ, ಬಜೆಟ್‌ಗೆ ಮುನ್ನ ವಿಧಾನಸಭೆಯ ಮುಂದಿಡಲಾಗುವ ಆರ್ಥಿಕ ಸಮೀಕ್ಷೆಯ 2022ರ ಆವೃತ್ತಿಯಲ್ಲಿ ಎಲ್ಲರ ಕಣ್ಣಿಗೆ ಬಿದ್ದ ಅಂಕಿ ಒಂದೇ: 2021-22ರಲ್ಲಿ ರಾಜ್ಯದ ಆರ್ಥಿಕತೆ ಶೇಕಡಾ 12.01ರಷ್ಟು ಬೆಳೆಯಿತು. ಆದರೆ ಅದೇ ಲೆಕ್ಕದಲ್ಲಿ ಅದಕ್ಕೂ ಹಿಂದಿನ ವರ್ಷ, ಕೋವಿಡ್‌ನಿಂದ ಅಂಗಡಿ, ಬಸ್ಸು, ಪ್ರವಾಸೋದ್ಯಮಗಳೆಲ್ಲ ನಿಂತುಹೋಗಿದ್ದ 2020-21ರಲ್ಲಿ, ಉತ್ಪನ್ನವು ಶೇಕಡಾ 8.43ರಷ್ಟು ಕುಸಿದಿತ್ತು. ಈ ಎರಡು ಸಾಲುಗಳನ್ನು ಜೊತೆಯಾಗಿ ಓದದೆ ಮೊದಲಿನ ಅಂಕಿಯ ತೂಕ ತಿಳಿಯುವುದಿಲ್ಲ. 2019-20ರ ಉತ್ಪನ್ನವನ್ನು 100 ಎಂದು ಇಟ್ಟುಕೊಂಡರೆ ಮರುವರ್ಷ ಅದು 91.57ಕ್ಕೆ ಇಳಿಯುತ್ತದೆ, ಅದರ ಮೇಲೆ ಶೇಕಡಾ 12.01 ಕೂಡಿಸಿದಾಗ ಬರುವುದು ಸುಮಾರು 102.6 ಮಾತ್ರ. ಅಂದರೆ ಎರಡು ವರ್ಷಗಳ ನಿಜವಾದ ಗಳಿಕೆ ಶೇಕಡಾ ಮೂರಕ್ಕಿಂತಲೂ ಕಡಿಮೆ. ಕೆಳಗಿಳಿದ ಬುಡದಿಂದ ಅಳೆದಾಗ ಏರಿಕೆ ಎತ್ತರವಾಗಿ ಕಾಣುವ ಈ ಗುಣವನ್ನು ಅರ್ಥಶಾಸ್ತ್ರಜ್ಞರು ಆಧಾರ ವರ್ಷದ ಪರಿಣಾಮ ಎನ್ನುತ್ತಾರೆ.

ಈ ಬೆಳವಣಿಗೆಯನ್ನು 2011-12ರ ಸ್ಥಿರ ಬೆಲೆಯಲ್ಲಿ ಲೆಕ್ಕ ಹಾಕಲಾಗಿದೆ. ಸ್ಥಿರ ಬೆಲೆ ಎಂದರೇನೆಂಬುದು ಕಾಸರಗೋಡಿನ ಅಡಿಕೆ ತೋಟದವರಿಗೆ ಸುಲಭವಾಗಿ ಹೊಳೆಯುತ್ತದೆ. ಒಂದು ತೋಟದಲ್ಲಿ ಕಳೆದ ವರ್ಷ ಹತ್ತು ಕ್ವಿಂಟಲ್ ಅಡಿಕೆ ಆಗಿತ್ತು, ಈ ವರ್ಷವೂ ಅಷ್ಟೇ ಆಯಿತು, ಧಾರಣೆ ಮಾತ್ರ ಶೇಕಡಾ ಹತ್ತು ಏರಿತು ಎಂದುಕೊಂಡರೆ, ಕೈಗೆ ಬಂದ ಹಣ ಹೆಚ್ಚಿದರೂ ಸ್ಥಿರ ಬೆಲೆಯ ಪಟ್ಟಿಯಲ್ಲಿ ಆ ತೋಟದ ಬೆಳವಣಿಗೆ ಸೊನ್ನೆ. ಚಾಲ್ತಿ ಬೆಲೆಯ ಪಟ್ಟಿಯಲ್ಲಿ ಅದೇ ಶೇಕಡಾ ಹತ್ತಾಗಿ ದಾಖಲಾಗುತ್ತದೆ. ಹಣದುಬ್ಬರವನ್ನು, ಅಂದರೆ ಸಾಮಾನ್ಯ ಬೆಲೆಗಳ ಏರಿಕೆಯನ್ನು, ಕಳೆದ ಬಳಿಕ ಉಳಿಯುವುದೇ ನಿಜವಾದ ಬೆಳವಣಿಗೆ.

ಓದುಗರು ಹೆಚ್ಚಾಗಿ ಎಡವುವುದು ಹಣಕಾಸಿನ ಪಟ್ಟಿಯಲ್ಲಿ. ಸಂಬಳ, ಪಿಂಚಣಿ, ಬಡ್ಡಿಯಂಥ ದೈನಂದಿನ ವೆಚ್ಚವು ತೆರಿಗೆ ಮೊದಲಾದ ಆದಾಯವನ್ನು ಮೀರಿದಷ್ಟು ಕಂದಾಯ ಕೊರತೆ. ಒಟ್ಟು ವೆಚ್ಚಕ್ಕಾಗಿ ಸರ್ಕಾರ ಆ ವರ್ಷ ಮಾಡಬೇಕಾಗುವ ಸಾಲ, ಸ್ಥೂಲವಾಗಿ, ವಿತ್ತೀಯ ಕೊರತೆ. ಇವನ್ನು ರಾಜ್ಯದ ಉತ್ಪನ್ನದ ಶೇಕಡಾವಾರಾಗಿ ಕೊಡುವಾಗ ಭಾಜಕವಾಗಿ ಬಳಸುವುದು ಚಾಲ್ತಿ ಬೆಲೆಯ ಉತ್ಪನ್ನವನ್ನು. ಆದ್ದರಿಂದ 100 ರೂಪಾಯಿ ಉತ್ಪನ್ನಕ್ಕೆ 4 ರೂಪಾಯಿ ಸಾಲವಿದ್ದದ್ದು, ಮರುವರ್ಷ ಬೆಲೆಯೇರಿಕೆಯೊಂದರಿಂದಲೇ ಉತ್ಪನ್ನದ ಮೌಲ್ಯ 110 ಆದಾಗ, ಸಾಲದಲ್ಲಿ ಒಂದು ಪೈಸೆ ಕಡಿಮೆಯಾಗದಿದ್ದರೂ ಶೇಕಡಾ 4ರಿಂದ 3.6ಕ್ಕೆ ಇಳಿದಂತೆ ಕಾಣುತ್ತದೆ. ಇದನ್ನು ಮಿತವ್ಯಯವೆಂದು ಹೊಗಳುವುದು ತಪ್ಪು. ಕೊರತೆಯ ಶೇಕಡಾವಾರು ಇಳಿದಾಗ ಕೋಟಿಗಳಲ್ಲಿ ಕೊಟ್ಟ ಮೊತ್ತವೂ ಇಳಿದಿದೆಯೇ ಎಂದು ನೋಡಲೇಬೇಕು.

ಪಟ್ಟಿಯಲ್ಲಿ ವರ್ಷದ ಪಕ್ಕದಲ್ಲಿರುವ ಸಣ್ಣ ಗುರುತುಗಳು ಆ ಅಂಕಿ ತಾತ್ಕಾಲಿಕವೋ ತ್ವರಿತ ಅಂದಾಜೋ ಎಂದು ತಿಳಿಸುತ್ತವೆ. ಲೆಕ್ಕಪತ್ರಗಳು ಪೂರ್ಣವಾಗಿ ಬಂದಂತೆ ಮುಂದಿನ ಸಮೀಕ್ಷೆಗಳಲ್ಲಿ ಇಂಥ ಅಂಕಿಗಳು ಪರಿಷ್ಕರಣೆಯಾಗುತ್ತವೆ. ಹಾಗಾಗಿ ಎರಡು ಆವೃತ್ತಿಗಳಿಂದ ತಲಾ ಒಂದು ಅಂಕಿಯನ್ನು ಆರಿಸಿ ಹೋಲಿಸಬಾರದು. ಹೊಸ ಆವೃತ್ತಿಯ ಒಂದೇ ಪಟ್ಟಿಯಲ್ಲಿರುವ ಹಳೆಯ ಮತ್ತು ಹೊಸ ವರ್ಷಗಳನ್ನೇ ಹೋಲಿಸಬೇಕು.