ಗೇಜ್ ಅದೇ ಇದೆ, ನೀರು ಮಾತ್ರ ಕಮ್ಮಿ

ಮಂಡ್ಯ ಕಡೆಯ ಫ್ರೆಂಡ್ಸ್ ಇದ್ದರೆ ಈ ಮಾತು ಕೇಳಿರ್ತೀರ: "ಮೇಲಿನವರಿಗೆ ನೀರು, ಕೊನೆಯವರಿಗೆ ಕೆಸರು." ವಿಶ್ವೇಶ್ವರಯ್ಯ ನಾಲೆಯಂಥ ದೊಡ್ಡ ನಾಲೆಯಿಂದ ವಿತರಣಾ ನಾಲೆ ಒಡೆಯುತ್ತೆ, ಅದರಿಂದ ಸಣ್ಣ ಕಾಲುವೆಗಳು, ತೂಬುಗಳು. ಕೊನೆ ಭಾಗದ ಗದ್ದೆಗೆ ನೀರು ಬರಲಿಲ್ಲ ಅಂದ್ರೆ ಸಾಮಾನ್ಯವಾಗಿ ಬೈಗುಳ ಬೀಳೋದು ಮೇಲಿನ ರೈತರಿಗೆ, ಇಲ್ಲಾಂದ್ರೆ ನೀರುಗಂಟಿಗೆ. ಕೆಲವು ಸಲ ಅದು ನಿಜಾನೂ ಇರಬಹುದು. ಆದರೆ ಯಾರೂ ಕದಿಯದೇ, ಗೇಜ್‌ನಲ್ಲಿ ನೀರಿನ ಮಟ್ಟ ಸರಿಯಾಗೇ ಇದ್ದು, ನೀರು ಮಾತ್ರ ಕಾಲು ಭಾಗಕ್ಕಿಂತ ಜಾಸ್ತಿ ಕಮ್ಮಿ ಹೋಗೋ ಸಾಧ್ಯತೆ ಇದೆ. ಅದನ್ನ ತೋರಿಸೋದು ನಮ್ಮ ಸಿಲಬಸ್‌ನಲ್ಲೇ ಇರೋ ಮ್ಯಾನಿಂಗ್ ಸಮೀಕರಣ.

```
Q = (1/n) · A · R^(2/3) · S^(1/2)
```

Q ಅಂದ್ರೆ ಒಂದು ಸೆಕೆಂಡಿಗೆ ಹರಿಯೋ ನೀರು, ಘನ ಮೀಟರ್‌ನಲ್ಲಿ. A ನೀರಿನ ಅಡ್ಡಕೊಯ್ತದ ವಿಸ್ತೀರ್ಣ. S ಇಳಿಜಾರು. R ಅನ್ನೋದು A ಅನ್ನು P ಇಂದ ಭಾಗಿಸಿದ್ದು. P ಅಂದ್ರೆ ನೀರು ತಾಗಿಕೊಂಡಿರೋ ತಳ ಮತ್ತು ಎರಡೂ ದಡಗಳ ಒಟ್ಟು ಉದ್ದ. ಮೇಲ್ಮೈ ಗಾಳಿಗೆ ತಾಗಿರುತ್ತೆ, ಅದನ್ನ ಸೇರಿಸಬಾರದು. ಅರ್ಥ ಸರಳ: ನೀರನ್ನ ಇಳಿಜಾರಿನಲ್ಲಿ ಎಳೆಯೋದು ಅದರ ತೂಕ, ತಡೆಯೋದು ತಳ ಮತ್ತು ದಡದ ಉಜ್ಜುವಿಕೆ. ಎರಡೂ ಸಮ ಆದಾಗ ವೇಗ ಒಂದೇ ಸಮ ಉಳಿಯುತ್ತೆ. ಆ ಉಜ್ಜುವಿಕೆ ಎಷ್ಟು ಅಂತ ಹೇಳೋದೇ n, ಒರಟುತನದ ಗುಣಾಂಕ.

ಇದನ್ನ ಕೊಟ್ಟ ರಾಬರ್ಟ್ ಮ್ಯಾನಿಂಗ್ ಐರ್ಲೆಂಡಿನವರು. 1889ರಲ್ಲಿ ಮಂಡಿಸಿದರು. ಅವರಿಗೆ ಎಂಜಿನಿಯರಿಂಗ್ ಓದೇ ಇರಲಿಲ್ಲ, ಬಂದಿದ್ದು ಲೆಕ್ಕಪತ್ರದ ಕೆಲಸದಿಂದ. ಯೂನಿಟ್‌ಗಳು ಹೊಂದಲ್ಲ ಅಂತ ಈ ಸೂತ್ರ ಅವರಿಗೇ ಅಷ್ಟು ಇಷ್ಟ ಆಗಿರಲಿಲ್ಲವಂತೆ. ನಾವಿನ್ನೂ ಬಳಸ್ತಾ ಇದ್ದೀವಿ.

ಈಗ ಒಂದು ವಿತರಣಾ ನಾಲೆ ತಗೊಳ್ಳೋಣ. ಅಳತೆಗಳು ನಾನು ಲೆಕ್ಕಕ್ಕೆ ಇಟ್ಟುಕೊಂಡಿದ್ದು, ಆದರೆ ಮಣ್ಣಿನ ನಾಲೆಗೆ ಒಪ್ಪುವಂಥವು. ತಳದ ಅಗಲ 3 ಮೀಟರ್. ದಡ 1 ಮೀಟರ್ ಮೇಲೇರಿದರೆ 1.5 ಮೀಟರ್ ಹೊರಗೆ ಹೋಗುತ್ತೆ. ಇಳಿಜಾರು 4000ಕ್ಕೆ 1, ಅಂದ್ರೆ ಒಂದು ಕಿಲೋಮೀಟರಿಗೆ ಬರೀ 25 ಸೆಂಟಿಮೀಟರ್ ಇಳಿತ. ಕಣ್ಣಿಗೆ ಸಪಾಟಾಗೇ ಕಾಣುತ್ತೆ. ನೀರಿನ ಆಳ 1.2 ಮೀಟರ್.

A = (3 + 1.5 × 1.2) × 1.2 = 5.76 ಚದರ ಮೀಟರ್. ಪ್ರತಿ ದಡದ ಓರೆ ಉದ್ದ 1.2 × √(1 + 1.5²) = 2.16 ಮೀಟರ್, ಹಾಗಾಗಿ P = 3 + 4.33 = 7.33 ಮೀಟರ್. R = 5.76 / 7.33 = 0.786. ಅದರ 2/3 ಘಾತ 0.852. S ನ ವರ್ಗಮೂಲ 0.0158. ಈ ಎರಡನ್ನೂ ಗುಣಿಸಿದರೆ 0.01347. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಯಾಕಂದ್ರೆ ನಾಲೆಯ ಆಕಾರ, ಆಳ, ಇಳಿಜಾರು ಎಲ್ಲ ಇದರೊಳಗೆ ಬಂದುಬಿಟ್ಟಿದೆ. ಇನ್ನು ಉಳಿದಿರೋದು n ಒಂದೇ.

ಕಳೆ ತೆಗೆದು ಚೆನ್ನಾಗಿಟ್ಟ ಮಣ್ಣಿನ ನಾಲೆಗೆ n = 0.025 ಹಾಕೋಣ. ವೇಗ 0.01347 / 0.025 = 0.54 ಮೀಟರ್ ಪ್ರತಿ ಸೆಕೆಂಡಿಗೆ. Q = 5.76 × 0.54, ಅಂದ್ರೆ ಸುಮಾರು 3.1 ಘನ ಮೀಟರ್. ನಮ್ಮ ಪೇಪರ್‌ಗಳ ಭಾಷೆಯಲ್ಲಿ ಸುಮಾರು 110 ಕ್ಯೂಸೆಕ್.

ಇಂಥ ಲೆಕ್ಕವನ್ನೇ ಬೇರೆ ಬೇರೆ ಆಳಕ್ಕೆ ಮಾಡಿ ಒಂದು ಪಟ್ಟಿ ಇಟ್ಟುಕೊಳ್ಳಬಹುದು. ಆಮೇಲೆ ನಾಲೆಯಲ್ಲಿ ನಿಲ್ಲಿಸಿರೋ ಗೇಜ್‌ನಲ್ಲಿ ಆಳ ಓದಿ, ಪಟ್ಟಿ ನೋಡಿದರೆ ಸಾಕು: 1.2 ಇದ್ದರೆ 110 ಕ್ಯೂಸೆಕ್. ಗೇಟ್ ಏರಿಸೋದು ಇಳಿಸೋದು ಎಲ್ಲ ಇದರ ಮೇಲೇ.

ಸಮಸ್ಯೆ ಏನಂದ್ರೆ ಪಟ್ಟಿಯೊಳಗೆ n ಕೂತಿದೆ, ಆದರೆ ಗೇಜ್ ಓದುವವರಿಗೆ ಅದು ಕಾಣಲ್ಲ. ಎರಡು ಮೂರು ತಿಂಗಳಲ್ಲಿ ನಾಲೆಯಲ್ಲಿ ಕಳೆ, ಜೊಂಡು ಬೆಳೆಯುತ್ತೆ. ಪಠ್ಯಪುಸ್ತಕದ ಪಟ್ಟಿಗಳಲ್ಲಿ ದಟ್ಟ ಕಳೆ ಇರೋ ನಾಲೆಗೆ n 0.030ರಿಂದ 0.040ರ ತನಕ ಕೊಡ್ತಾರೆ. ಪೂರ್ತಿ ಬಿಟ್ಟುಬಿಟ್ಟ ನಾಲೆಗೆ ಇನ್ನೂ ಎಷ್ಟೋ ಜಾಸ್ತಿ. ನಾವು ಮಧ್ಯದ 0.035 ತಗೊಂಡರೆ ವೇಗ 0.385, Q 2.2 ಘನ ಮೀಟರ್, ಅಂದ್ರೆ 78 ಕ್ಯೂಸೆಕ್. ಗೇಜ್‌ನಲ್ಲಿ ಮಾತ್ರ ಅದೇ 1.2.

ಇಲ್ಲೊಂದು ಪ್ರಶ್ನೆ ಬರುತ್ತೆ. ಮೇಲಿನ ಗೇಟಿನಿಂದ 110 ಕ್ಯೂಸೆಕ್ ಬಿಟ್ಟಿದ್ದರೆ, ಕಳೆ ಇದೆ ಅಂತ ನೀರು ಎಲ್ಲಿ ಮಾಯ ಆಗುತ್ತೆ? ಮಾಯ ಆಗಲ್ಲ, ಮಟ್ಟ ಏರುತ್ತೆ. n = 0.035 ಇಟ್ಟು, ಅದೇ 3.1 ಘನ ಮೀಟರ್ ಹರಿಯೋಕೆ ಎಷ್ಟು ಆಳ ಬೇಕು ಅಂತ ಬೇರೆ ಬೇರೆ ಆಳ ಹಾಕಿ ನೋಡಿದರೆ 1.43 ಮೀಟರ್ ಬರುತ್ತೆ. 23 ಸೆಂಟಿಮೀಟರ್ ಜಾಸ್ತಿ. ಇದನ್ನ ನೋಡಿದವರು "ನೀರು ಜಾಸ್ತಿ ಆಯ್ತು, ದಡ ಒಡೆದೀತು" ಅಂತ ಗೇಟ್ ಇಳಿಸ್ತಾರೆ, ಮತ್ತೆ 1.2ಕ್ಕೆ ತರ್ತಾರೆ. ಪಟ್ಟಿ ಪ್ರಕಾರ ಅವರು ಮಾಡಿದ್ದು ಸರಿ. ಆದರೆ ಅಲ್ಲೇ 32 ಕ್ಯೂಸೆಕ್ ಹೋಯ್ತು.

32 ಕ್ಯೂಸೆಕ್ ಒಂದು ದಿನಕ್ಕೆ ಸುಮಾರು 78,000 ಘನ ಮೀಟರ್ ಆಗುತ್ತೆ. ಒಂದು ಎಕರೆಗೆ 5 ಸೆಂಟಿಮೀಟರ್ ನೀರು ನಿಲ್ಲಿಸೋಕೆ ಸುಮಾರು 200 ಘನ ಮೀಟರ್ ಬೇಕು. ಇಂಗೋದನ್ನ ಬಿಟ್ಟು ಲೆಕ್ಕ ಹಾಕಿದರೂ ದಿನಕ್ಕೆ ಹತ್ತಿರ ಹತ್ತಿರ 390 ಎಕರೆಯ ನೀರು. ಮೇಲಿನ ತೂಬುಗಳು ಮೊದಲು ತಮ್ಮ ಪಾಲು ತಗೊಳ್ಳೋದರಿಂದ, ಈ ಕೊರತೆ ಪೂರ್ತಿ ಬೀಳೋದು ಕೊನೆಯವರ ಮೇಲೆ.

ನಾಲೆಯ ನಿಜವಾದ n ಎಷ್ಟು ಅಂತ ತಿಳಿಯೋಕೆ ಲ್ಯಾಬ್ ಬೇಡ. ನೇರವಾಗಿರೋ 50 ಮೀಟರ್ ಜಾಗ ಗುರುತು ಮಾಡಿ, ನೀರಿನಲ್ಲಿ ಮುಕ್ಕಾಲು ಮುಳುಗಿ ತೇಲೋದನ್ನ ಏನಾದ್ರೂ ಬಿಡಿ. ಮಂಡ್ಯದಲ್ಲಂತೂ ತೆಂಗಿನಕಾಯಿಗೆ ಬರ ಇಲ್ಲ. ಥರ್ಮೋಕೋಲ್ ಬೇಡ, ಅದನ್ನ ಗಾಳಿ ತಳ್ಳುತ್ತೆ. ನಾಲ್ಕೈದು ಸಲ ಬಿಟ್ಟು ಸರಾಸರಿ 111 ಸೆಕೆಂಡ್ ಬಂತು ಅಂದುಕೊಳ್ಳಿ. ಮೇಲ್ಮೈ ವೇಗ 0.45. ಮೇಲ್ಮೈ ನೀರು ಸರಾಸರಿಗಿಂತ ವೇಗವಾಗಿ ಹೋಗೋದರಿಂದ 0.85ರಿಂದ ಗುಣಿಸಬೇಕು, 0.383 ಬರುತ್ತೆ. ಈಗ ಆ 0.01347 ಅನ್ನು 0.383ರಿಂದ ಭಾಗಿಸಿ. n = 0.035. ಒರಟಾದ ವಿಧಾನ ನಿಜ, ಆದರೆ 0.025 ಮತ್ತು 0.035ರ ವ್ಯತ್ಯಾಸ ಹಿಡಿಯೋಕೆ ಧಾರಾಳ ಸಾಕು.

ಆದರೆ ಇದನ್ನೆಲ್ಲ ಎಲ್ಲಿ ಬೇಕೋ ಅಲ್ಲಿ ನಿಂತು ಮಾಡೋ ಹಾಗಿಲ್ಲ. ಮ್ಯಾನಿಂಗ್ ಸಮೀಕರಣಕ್ಕೆ ತಳದ ಇಳಿಜಾರು ಹಾಕಿದಾಗ, ನೀರಿನ ಮೇಲ್ಮೈಯೂ ತಳಕ್ಕೆ ಸಮಾನಾಂತರವಾಗಿ ಇಳಿಯುತ್ತೆ ಅಂತ ಒಪ್ಪಿಕೊಂಡಿರ್ತೀವಿ. ಕೆಳಗೆ ಒಂದು ಅಡ್ಡ ಗೇಟ್ ಮುಚ್ಚಿದ್ದರೆ ನೀರು ಹಿಂದಕ್ಕೆ ಒತ್ತಿಕೊಂಡು ನಿಂತಿರುತ್ತೆ, ಮೇಲ್ಮೈ ಹೆಚ್ಚು ಕಮ್ಮಿ ಸಪಾಟು. ಅಲ್ಲಿ ಆಳ 1.5 ಇದ್ದರೂ ಹರಿಯೋದು ತುಂಬ ಕಮ್ಮಿ, ತಳದ ಇಳಿಜಾರು ಹಾಕಿದರೆ Q ಸುಳ್ಳು ಸುಳ್ಳೇ ದೊಡ್ಡದಾಗಿ ಬರುತ್ತೆ. ನಾಲೆ ಮೆಟ್ಟಿಲಿನಂತೆ ಕೆಳಗೆ ಬೀಳೋ ಜಾಗದ ಹತ್ತಿರ ಇದರ ಉಲ್ಟಾ, ಅಲ್ಲಿ ನೀರು ಬೀಳೋ ಮುಂಚೆಯೇ ತೆಳ್ಳಗಾಗುತ್ತೆ. ಕಂಡುಹಿಡಿಯೋದು ಸುಲಭ: ಅಳತೆ ಒಂದೇ ಥರ ಇರೋ ನಾಲೆಯಲ್ಲಿ 200 ಮೀಟರ್ ಅಂತರದಲ್ಲಿ ಎರಡು ಕಡೆ ಆಳ ನೋಡಿ. ಎರಡೂ ಒಂದೇ ಇದ್ದರೆ ಮಾತ್ರ ಈ ಲೆಕ್ಕ ನಂಬಬಹುದು.

ಸಿಮೆಂಟ್ ಹಾಕಿಬಿಟ್ಟರೆ ಮುಗೀತಲ್ಲ ಅನ್ನಬಹುದು. n = 0.015 ಹಾಕಿದರೆ ಇದೇ ನಾಲೆ, ಇದೇ ಆಳದಲ್ಲಿ 180 ಕ್ಯೂಸೆಕ್ ದಾಟುತ್ತೆ, ಕಾಗದದ ಮೇಲೆ. ಆದರೆ ಕಾಂಕ್ರೀಟ್ ಮೇಲೆ ಹೂಳು ಕೂತು, ಅದರಲ್ಲಿ ಹುಲ್ಲು ಬೆಳೆದರೆ ನೀರಿಗೆ ತಾಗೋದು ಆ ಹುಲ್ಲೇ. ಆಗ n ಮತ್ತೆ ಮೇಲಕ್ಕೆ, ಹೂಳಿನಿಂದ A ಕೂಡ ಕೆಳಕ್ಕೆ. ಹಾಗಾಗಿ ಸಿಮೆಂಟ್ ಹಾಕಿದ ನಾಲೆಗೂ ವರ್ಷಕ್ಕೊಂದು ಸಲ ತೆಂಗಿನಕಾಯಿ ಬಿಟ್ಟು ನೋಡಿ, ಗೇಜ್ ಪಟ್ಟಿಯನ್ನ ಹೊಸ n ಹಾಕಿ ತಿದ್ದಬೇಕು. ಎರಡು ಗಂಟೆಯ ಕೆಲಸ.